ಹಳೇ ಎಂಆರ್‌ಪಿ ಮಾಲು, ಹೊಸ ರೇಟಿನ ಬಿಲ್: ಡಿಸ್ಟ್ರಿಬ್ಯೂಟರ್‌ಗೆ ಪತ್ರ ಬರೆಯೋದು ಹೇಗೆ?

ಮಾಲು ಬಂದಾಗ ಬಾಕ್ಸ್ ಎಣಿಸಿ, ಬಿಲ್ಲಿಗೆ ಸೈನ್ ಹಾಕಿ ಕಳಿಸಿಬಿಡೋದು ಬಹಳಷ್ಟು ಕಿರಾಣಿ ಅಂಗಡಿಗಳಲ್ಲಿ ರೂಢಿ. ರೇಟು ನೋಡೋಕೆ ಪುರುಸೊತ್ತು ಸಿಗೋದು ರಾತ್ರಿ ಶಟರ್ ಎಳೆದ ಮೇಲೆ. ಆಗ ಬಿಲ್ಲಿನಲ್ಲಿ ರೇಟು ಜಾಸ್ತಿ ಬಿದ್ದಿರೋದು ಕಂಡರೆ ಏನು ಮಾಡೋದು? ಫೋನ್ ಮಾಡಿ ಜಗಳ ಆಡಿದರೆ ನಾಳೆ ಉದ್ರಿ ಮಾಲು ಕೊಡೋರೂ ಅವರೇ. ಸುಮ್ಮನಿದ್ದರೆ ಗಿರಾಕಿಯಿಂದ ಸಿಗೋ ಲಾಭವೇ ಹೋಗುತ್ತದೆ. ಇದಕ್ಕೆ ಹತ್ತು ಸಾಲಿನ ಒಂದು ಪತ್ರ ಸಾಕು. ಆದರೆ ಪತ್ರಕ್ಕೆ ಮೊದಲು ಲೆಕ್ಕ ಸರಿ ಇರಬೇಕು.

ಇಂಥ ಬಿಲ್ಲುಗಳಲ್ಲಿ ಪದೇ ಪದೇ ಕಾಣುವ ಒಂದು ತಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಂಡು ನೋಡಬಹುದು.

ತಪ್ಪು ಆಗೋದು ಎಲ್ಲಿ?

ಕಂಪನಿ ಒಂದು ಸಾಮಾನಿನ ಎಂಆರ್‌ಪಿ ಏರಿಸಿತು ಎನ್ನಿ. ಡಿಸ್ಟ್ರಿಬ್ಯೂಟರ್ ಗೋಡೌನ್‌ನಲ್ಲಿ ಕೆಲವು ವಾರ ಹಳೇ ಎಂಆರ್‌ಪಿ ಮಾಲೂ ಇರುತ್ತದೆ, ಹೊಸದೂ ಇರುತ್ತದೆ. ಎರಡಕ್ಕೂ ಅಂಗಡಿಯವರಿಗೆ ಕೊಡುವ ರೇಟು ಬೇರೆ ಬೇರೆ. ಕಂಪ್ಯೂಟರಿನಲ್ಲಿ ಬಿಲ್ ಹಾಕುವ ಹುಡುಗ ಹೊಸ ಎಂಆರ್‌ಪಿಯ ಸಾಲು ಆರಿಸುತ್ತಾನೆ, ಗೋಡೌನ್‌ನಲ್ಲಿ ಲೋಡ್ ಮಾಡುವವನು ಮುಂದೆ ಸಿಕ್ಕ ಹಳೇ ಬಾಕ್ಸ್ ಎತ್ತಿ ಗಾಡಿಗೆ ಹಾಕುತ್ತಾನೆ. ಮೋಸ ಮಾಡಬೇಕು ಅಂತ ಯಾರೂ ಮಾಡಿದ್ದಲ್ಲ. ಆದರೆ ನಷ್ಟ ಮಾತ್ರ ಅಂಗಡಿಯವನಿಗೆ, ಏಕೆಂದರೆ ಪ್ಯಾಕೆಟ್ ಮೇಲೆ ಛಾಪಿಸಿದ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿಗೆ ಮಾರುವಂತಿಲ್ಲ.

ಉದಾಹರಣೆಯ ಅಂಗಡಿಗೆ ಬಂದದ್ದು 1 ಕೆಜಿಯ ಬಟ್ಟೆ ಒಗೆಯುವ ಪುಡಿ, 10 ಬಾಕ್ಸ್. ಬಾಕ್ಸಿಗೆ 12ರಂತೆ 120 ಪ್ಯಾಕೆಟ್. ಬಿಲ್ಲಿನ ಎಂಆರ್‌ಪಿ ಕಾಲಂನಲ್ಲಿ 125 ರೂ., ತೆರಿಗೆ ಬಿಟ್ಟು ರೇಟು 96 ರೂ. ಹಿಂದಿನ ತಿಂಗಳ ಬಿಲ್ಲಿನಲ್ಲಿ ಎಂಆರ್‌ಪಿ 120 ರೂ., ರೇಟು 92 ರೂ. ಇತ್ತು. ಈ ಸಲ ಬಂದ ಪ್ಯಾಕೆಟ್ ಮೇಲೆ ನೋಡಿದರೆ ಇನ್ನೂ 120 ರೂ. ಎಂದೇ ಇದೆ.

ಪ್ಯಾಕೆಟ್ಟಿಗೆ 18% ಜಿಎಸ್‌ಟಿ ಸೇರಿಸಿ ನೋಡಿ. 92 ರೂ. ರೇಟಿನಲ್ಲಿ ಅಂಗಡಿಗೆ ಬೀಳೋದು 108.56 ರೂ., 120ಕ್ಕೆ ಮಾರಿದರೆ ಉಳಿಯೋದು 11.44 ರೂ. ಅದೇ 96 ರೂ. ರೇಟಾದರೆ ಬೀಳೋದು 113.28 ರೂ., ಉಳಿಯೋದು ಬರೀ 6.72 ರೂ. ಹತ್ತಿರ ಹತ್ತಿರ ಅರ್ಧ ಲಾಭ ಬಿಲ್ಲಿನಲ್ಲೇ ಹೋಯಿತು.

ಪತ್ರಕ್ಕೆ ಮೊದಲು ಎಲ್ಲಾ ಬಾಕ್ಸ್ ನೋಡಿ

ಇಲ್ಲೇ ಹೆಚ್ಚಿನವರು ಎಡವೋದು. ಒಂದು ಬಾಕ್ಸ್ ಒಡೆದು ನೋಡಿ, ಹತ್ತಕ್ಕೂ ಹಣ ವಾಪಸ್ ಕೇಳಿಬಿಡುತ್ತಾರೆ. ಉದಾಹರಣೆಯ ಅಂಗಡಿಯಲ್ಲಿ ಎಲ್ಲಾ ಬಾಕ್ಸಿನ ಪಕ್ಕದ ಛಾಪು ಓದಿದಾಗ 7 ಬಾಕ್ಸ್ ಹಳೇ ಎಂಆರ್‌ಪಿ, 3 ಬಾಕ್ಸ್ ನಿಜಕ್ಕೂ ಹೊಸದು ಅಂತ ಗೊತ್ತಾಯಿತು. ಆ ಮೂರಕ್ಕೆ 96 ರೂ. ರೇಟು ಸರಿಯೇ. ಹತ್ತಕ್ಕೂ ಕೇಳಿದ್ದರೆ ಡಿಸ್ಟ್ರಿಬ್ಯೂಟರ್ ಗೋಡೌನ್ ಲೆಕ್ಕ ನೋಡಿ, ‘ಇವರದ್ದೇ ಲೆಕ್ಕ ಸರಿ ಇಲ್ಲ’ ಅಂತ ಪತ್ರ ಬದಿಗಿಡುತ್ತಿದ್ದರು.

ಇನ್ನೆರಡು ವಿಷಯ ನೋಡಿಕೊಳ್ಳಬೇಕು. ಸೇಲ್ಸ್‌ಮನ್ ಬಾಯಲ್ಲಿ ಹೇಳಿದ ರೇಟು ಟ್ಯಾಕ್ಸ್ ಸೇರಿಯೋ, ಬಿಟ್ಟೋ? ಬಿಲ್ಲಿನ ರೇಟು ಕಾಲಂನಲ್ಲಿ ಸಾಮಾನ್ಯವಾಗಿ ಇರೋದು ಟ್ಯಾಕ್ಸ್ ಬಿಟ್ಟ ರೇಟು. ಎರಡನ್ನೂ ಒಂದೇ ಅಂತ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹಾಗೆಯೇ ಸ್ಕೀಮ್ ಅಥವಾ ಡಿಸ್ಕೌಂಟ್ ಅನ್ನು ಬಿಲ್ಲಿನ ಕೆಳಗೆ ಬೇರೆ ಸಾಲಿನಲ್ಲಿ ಕಳೆದಿದ್ದಾರಾ ಅಂತಲೂ ನೋಡಬೇಕು. ಕಳೆದಿದ್ದರೆ ಅಷ್ಟು ವ್ಯತ್ಯಾಸ ಅಲ್ಲೇ ಸರಿಹೋಗಿರುತ್ತದೆ.

ಬಾಕ್ಸ್ ಛಾಪು, ಒಂದು ಪ್ಯಾಕೆಟ್ಟಿನ ಎಂಆರ್‌ಪಿ ಮತ್ತು ಬ್ಯಾಚ್ ನಂಬರ್ ಕಾಣುವಂತೆ ಫೋಟೊ ತೆಗೆದಿಡಿ. ಮಾಲು ಮಾರಾಟವಾಗಿ ಹೋದ ಮೇಲೆ ತೋರಿಸೋಕೆ ಏನೂ ಉಳಿಯೋದಿಲ್ಲ.

ಎಷ್ಟು ಕೇಳಬೇಕು?

7 ಬಾಕ್ಸ್ ಅಂದರೆ 84 ಪ್ಯಾಕೆಟ್. ಪ್ಯಾಕೆಟ್ಟಿಗೆ 4 ರೂ. ವ್ಯತ್ಯಾಸ, ಒಟ್ಟು 336 ರೂ. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಜಾಸ್ತಿ ಹಾಕಿದ ರೇಟಿನ ಮೇಲೆ ಜಿಎಸ್‌ಟಿಯೂ ಜಾಸ್ತಿ ಬಿದ್ದಿದೆ: ಸಿಜಿಎಸ್‌ಟಿ 30.24, ಎಸ್‌ಜಿಎಸ್‌ಟಿ 30.24, ಸೇರಿ 60.48 ರೂ. ಆದ್ದರಿಂದ ಕೇಳಬೇಕಾದ ಮೊತ್ತ 396.48 ರೂ.

ಪತ್ರ ಹೀಗಿರಲಿ

> ದಿನಾಂಕ: 15-11-2025
>
> (ಡಿಸ್ಟ್ರಿಬ್ಯೂಟರ್ ಹೆಸರು, ಊರು) ಅವರಿಗೆ,
>
> ವಿಷಯ: ಬಿಲ್ ನಂ. 1847, ದಿ. 14-11-2025 – ರೇಟು ವ್ಯತ್ಯಾಸದ ಬಗ್ಗೆ
>
> ಮಾನ್ಯರೇ,
>
> ನಮಸ್ಕಾರ. ಮೇಲಿನ ಬಿಲ್ಲಿನ ಮಾಲು ನಿನ್ನೆ ಸರಿಯಾಗಿ ತಲುಪಿದೆ, ಎಣಿಕೆಯಲ್ಲಿ ಕೊರತೆ ಇಲ್ಲ.
>
> ಬಿಲ್ಲಿನ 3ನೇ ಸಾಲಿನಲ್ಲಿ 1 ಕೆಜಿ ಬಟ್ಟೆ ಪುಡಿ 120 ಪ್ಯಾಕೆಟ್‌ಗೆ ಎಂಆರ್‌ಪಿ 125 ರೂ. ಎಂದು ತೋರಿಸಿ 96 ರೂ. ರೇಟು ಹಾಕಿದೆ. ಬಂದಿರುವ 10 ಬಾಕ್ಸ್‌ನಲ್ಲಿ 3 ಬಾಕ್ಸ್ 125 ರೂ. ಎಂಆರ್‌ಪಿಯವು. ಉಳಿದ 7 ಬಾಕ್ಸ್ (84 ಪ್ಯಾಕೆಟ್) ಹಳೇ 120 ರೂ. ಎಂಆರ್‌ಪಿಯವು. ಇವಕ್ಕೆ ತಮ್ಮ ಹಿಂದಿನ ಬಿಲ್ಲಿನಲ್ಲಿ 92 ರೂ. ರೇಟು ಇತ್ತು.
>
> ವ್ಯತ್ಯಾಸ: 84 × 4 ರೂ. = 336.00 ರೂ.
> ಜಿಎಸ್‌ಟಿ 18% = 60.48 ರೂ.
> ಒಟ್ಟು = 396.48 ರೂ.
>
> ಬಿಲ್ ಹಾಕುವಾಗ ಕಣ್ತಪ್ಪಿನಿಂದ ಆಗಿರಬಹುದು. ದಯವಿಟ್ಟು ಪರಿಶೀಲಿಸಿ, ಈ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಡಬೇಕಾಗಿ ವಿನಂತಿ. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಿಳಿಸಿ, ಸರಿಪಡಿಸಿಕೊಳ್ಳುತ್ತೇವೆ. ಬಿಲ್ಲಿನ ಉಳಿದ ಹಣ ಎಂದಿನಂತೆ ವಾಯಿದೆಯೊಳಗೆ ಪಾವತಿಸುತ್ತೇವೆ.
>
> ಬಿಲ್ ಪ್ರತಿ, ಹಿಂದಿನ ಬಿಲ್ ಪ್ರತಿ, ಬಾಕ್ಸ್ ಫೋಟೊ ಜೊತೆಗಿವೆ.
>
> ತಮ್ಮ ವಿಶ್ವಾಸಿ,
> (ಸಹಿ, ಅಂಗಡಿ ಹೆಸರು, ಜಿಎಸ್‌ಟಿ ನಂಬರ್, ಫೋನ್)

ಈ ಪತ್ರದಲ್ಲಿ ‘ಮೋಸ’, ‘ಜಾಸ್ತಿ ಕಿತ್ತಿದ್ದೀರಿ’ ಎಂಬ ಮಾತಿಲ್ಲ. ಪತ್ರ ಓದೋದು ಹೆಚ್ಚಾಗಿ ಮಾಲೀಕರಲ್ಲ, ಅಕೌಂಟೆಂಟ್. ಅವರಿಗೆ ಬೇಕಾದದ್ದು ಬಿಲ್ ನಂಬರ್, ಸಾಲು, ಎಷ್ಟು ಪ್ಯಾಕೆಟ್, ಎಷ್ಟು ಹಣ. ಮೂರು ಬಾಕ್ಸ್ ಸರಿ ಇದೆ ಅಂತ ಅಂಗಡಿಯವರೇ ಒಪ್ಪಿಕೊಂಡಿರೋದರಿಂದ ಉಳಿದ ಏಳರ ಮಾತಿಗೆ ತೂಕ ಬರುತ್ತದೆ.

‘ಮುಂದಿನ ಬಿಲ್ಲಲ್ಲಿ ನೋಡ್ಕೊಳ್ಳೋಣ’ ಅಂದರೆ?

ಸೇಲ್ಸ್‌ಮನ್ ಕಡೆಯಿಂದ ಬರುವ ಮೊದಲ ಉತ್ತರ ಇದೇ. ಮುಂದಿನ ಬಿಲ್ಲು ಬರುವ ಹೊತ್ತಿಗೆ ಆ ರೂಟಿಗೆ ಬೇರೆ ಸೇಲ್ಸ್‌ಮನ್ ಬಂದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಅದಕ್ಕೇ ಕ್ರೆಡಿಟ್ ನೋಟ್ ಕೇಳಬೇಕು.

ಹಾಕಿದ ಬಿಲ್ಲಿನಲ್ಲಿ ಬೆಲೆಯೋ ತೆರಿಗೆಯೋ ಹೆಚ್ಚಾಗಿದ್ದರೆ ಮಾರಿದವರು ಕ್ರೆಡಿಟ್ ನೋಟ್ ಕೊಡಬಹುದು ಎಂದು ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ಅದನ್ನು ರಿಟರ್ನ್‌ನಲ್ಲಿ ತೋರಿಸಿದರೆ ಡಿಸ್ಟ್ರಿಬ್ಯೂಟರ್ ಕಟ್ಟಬೇಕಾದ ತೆರಿಗೆಯೂ ಅಷ್ಟು ಕಮ್ಮಿಯಾಗುತ್ತದೆ. ಆದರೆ ಇದಕ್ಕೆ ಗಡುವು ಇದೆ. ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ಅವರು ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. 2025ರ ನವೆಂಬರ್ ಬಿಲ್ಲಿಗೆ 2026ರ ನವೆಂಬರ್ 30 ಕೊನೆ. ಗಡುವು ದಾಟಿದರೆ ತೆರಿಗೆ ಭಾಗ ಅವರಿಗೆ ವಾಪಸ್ ಸಿಗೋದಿಲ್ಲ, ಹಾಗಾಗಿ ಅಂಗಡಿಯವರಿಗೆ ಕೊಡೋಕೂ ಹಿಂದೆ ಮುಂದೆ ನೋಡುತ್ತಾರೆ.

ಅಂಗಡಿಯವರೇ ಟ್ಯಾಲಿಯಲ್ಲಿ ಡೆಬಿಟ್ ನೋಟ್ ಹಾಕಿಕೊಂಡರೆ ಸಾಕು ಎಂಬ ತಿಳಿವಳಿಕೆಯೂ ಇದೆ. ಅದು ನಮ್ಮ ಪುಸ್ತಕದ ನೆನಪಿಗೆ ಮಾತ್ರ. ತೆರಿಗೆ ಕಮ್ಮಿಯಾಗಬೇಕಾದರೆ ಮಾರಿದವರ ಕಡೆಯಿಂದಲೇ ಕ್ರೆಡಿಟ್ ನೋಟ್ ಬರಬೇಕು.

ಕಾಂಪೋಸಿಷನ್‌ನವರಿಗೆ ಪೂರ್ತಿ ನಷ್ಟ

ರೆಗ್ಯುಲರ್ ಜಿಎಸ್‌ಟಿ ಕಟ್ಟುವ ಅಂಗಡಿ 60.48 ರೂ.ಗಳನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಂಡಿರುತ್ತದೆ. ಕ್ರೆಡಿಟ್ ನೋಟ್ ಬಂದಾಗ ಅಷ್ಟನ್ನು ವಾಪಸ್ ಬಿಟ್ಟುಕೊಡಬೇಕು. ಅವರಿಗೆ ನಿಜವಾದ ಲಾಭ 336 ರೂ. ಕಾಂಪೋಸಿಷನ್ ಸ್ಕೀಮ್‌ನಲ್ಲಿರುವವರಿಗೆ ಮತ್ತು ಜಿಎಸ್‌ಟಿ ನಂಬರ್ ಇಲ್ಲದವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. 396.48 ರೂ.ಗಳೂ ಅವರ ಕೈಯಿಂದಲೇ ಹೋದದ್ದು. ಸಣ್ಣ ಅಂಗಡಿಯವರು ಜಿಎಸ್‌ಟಿ ಭಾಗವನ್ನು ಬಿಡದೆ ಕೇಳಬೇಕಾದದ್ದು ಇದಕ್ಕೇ.

ಹಣ ಹಿಡಿದುಕೊಳ್ಳಬಹುದಾ?

ಪೂರ್ತಿ ಬಿಲ್ ತಡೆಹಿಡಿದರೆ ತಪ್ಪು ಅಂಗಡಿಯವರ ಮೇಲೆ ಬರುತ್ತದೆ. ಇಲ್ಲಿ ಆ ಸಾಲಿನ ಮೊತ್ತ ಜಿಎಸ್‌ಟಿ ಸೇರಿ 13,593.60 ರೂ. ಅದರಲ್ಲಿ ತಕರಾರು ಇರೋದು 396.48ಕ್ಕೆ ಮಾತ್ರ. ಉಳಿದ 13,197.12 ರೂ. ಹಾಗೂ ಬಿಲ್ಲಿನ ಬೇರೆ ಸಾಲುಗಳ ಹಣವನ್ನು ವಾಯಿದೆಯೊಳಗೆ ಕೊಟ್ಟರೆ ಯಾರೂ ಬೆರಳು ತೋರಿಸೋಕಾಗಲ್ಲ.

ಆದರೆ ಪತ್ರ ಕೊಡದೆ ಸುಮ್ಮನೆ ಕಮ್ಮಿ ಹಣ ಕಳಿಸಬಾರದು. ಅವರ ಕಂಪ್ಯೂಟರಿನಲ್ಲಿ ಅದು ‘ಹಳೇ ಬಾಕಿ’ ಅಂತ ಕೂತಿರುತ್ತದೆ. ಬಿಲ್ಲಿಗೆ ಬಿಲ್ಲು ಹಣ ಪಡೆಯುವ ಡಿಸ್ಟ್ರಿಬ್ಯೂಟರ್ ಆದರೆ ಮುಂದಿನ ಆರ್ಡರೇ ನಿಂತುಹೋಗಬಹುದು.

ಪತ್ರ ಮುಟ್ಟಿದ್ದಕ್ಕೆ ಗುರುತು

ವಾಟ್ಸಾಪ್‌ನಲ್ಲಿ ಪತ್ರದ ಫೋಟೊ ಕಳಿಸಿದರೆ ತಾರೀಖು ತಾನೇ ದಾಖಲಾಗುತ್ತದೆ. ಜೊತೆಗೆ ಎರಡು ಪ್ರತಿ ಮಾಡಿ ಒಂದನ್ನು ಸೇಲ್ಸ್‌ಮನ್ ಕೈಗೆ ಕೊಟ್ಟು, ಇನ್ನೊಂದರ ಮೇಲೆ ‘ಮುಟ್ಟಿದೆ’ ಅಂತ ಸಹಿ, ತಾರೀಖು ಹಾಕಿಸಿಕೊಳ್ಳಿ. ವಾರ ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಪತ್ರದ ತಾರೀಖು ನೆನಪಿಸಿ ಎರಡು ಸಾಲು ಬರೆಯಿರಿ. ಆಮೇಲೂ ಆಗದಿದ್ದರೆ ಅದೇ ಪ್ರತಿಯನ್ನು ಆ ಭಾಗದ ಕಂಪನಿ ಸೇಲ್ಸ್ ಆಫೀಸರ್‌ಗೆ ತೋರಿಸಬಹುದು.

ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಮರುಮಾರಾಟಕ್ಕೆ ಮಾಲು ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಗ್ರಾಹಕ’ ಅಲ್ಲ. ನಾನೂರು ರೂಪಾಯಿಗೆ ಸಿವಿಲ್ ಕೋರ್ಟಿಗೆ ಹೋಗೋದಂತೂ ಆಗದ ಮಾತು. ಉಳಿದಿರೋದು ಸರಿಯಾದ ಲೆಕ್ಕದ ಪತ್ರವೊಂದೇ.

ಮುಂದಿನ ಸಲ ಮಾಲು ಇಳಿಸುವಾಗ ಒಂದು ಕೆಲಸ ಮಾಡಿ. ರೇಟು ನೋಡೋಕೆ ಸಮಯ ಇಲ್ಲದಿದ್ದರೆ ಡೆಲಿವರಿ ಪ್ರತಿಯ ಸಹಿ ಪಕ್ಕದಲ್ಲಿ ‘ಬಾಕ್ಸ್ ಎಣಿಕೆ ಮಾತ್ರ ನೋಡಿದೆ, ರೇಟು, ಎಂಆರ್‌ಪಿ ನೋಡಿಲ್ಲ’ ಅಂತ ಒಂದು ಸಾಲು ಬರೆದುಬಿಡಿ. ಸೈನ್ ಮಾಡಿದ ಮೇಲೆ ಕೇಳ್ತೀರಲ್ಲ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಇರುತ್ತದೆ.