ತೆರಿಗೆ ಕಳೆದು ಕೈಗುಳಿಯುವ ಲಾಭಕ್ಕೆ ಬೆಲೆ

ಮೈಸೂರಿನ ಒಂದು ಊದುಬತ್ತಿ ಪಾಲುದಾರಿಕೆ ಸಂಸ್ಥೆ ಎಂದುಕೊಳ್ಳಿ. ತೆರಿಗೆ ಕಟ್ಟಿದ ಮೇಲೆ ವರ್ಷಕ್ಕೆ 6,88,000 ರೂಪಾಯಿ ಉಳಿಯಬೇಕು. ಇಂಥ ಸಂಸ್ಥೆಗೆ ಆದಾಯ ತೆರಿಗೆ ಶೇ. 30, ಆ ತೆರಿಗೆಯ ಮೇಲೆ ಶೇ. 4 ಸೆಸ್. ಒಟ್ಟು ಶೇ. 31.2.

ಹಲವರು ಎಡವುವುದು ಇಲ್ಲೇ: ಗುರಿಗೆ ಶೇ. 31.2 ಕೂಡಿಸಿಬಿಡುತ್ತಾರೆ. ಆಗ ಸಿಗುವುದು 9,02,656. ತೆರಿಗೆ ಹೋದರೆ ಸುಮಾರು 67,000 ಖೋತಾ. ತೆರಿಗೆ ಬೀಳುವುದು ಇಡೀ ಲಾಭದ ಮೇಲೆ. ಆದ್ದರಿಂದ ಗುರಿಯನ್ನು 0.688ರಿಂದ ಭಾಗಿಸಬೇಕು: 10 ಲಕ್ಷ.

ಬಾಡಿಗೆ, ಸಂಬಳದಂಥ ಸ್ಥಿರ ಖರ್ಚು 5 ಲಕ್ಷ ಸೇರಿ 15 ಲಕ್ಷ. ಲಕ್ಷ ಪ್ಯಾಕೆಟ್ ಮಾರಿದರೆ ತಲಾ 15 ರೂಪಾಯಿ. ಕಚ್ಚಾ ಮಾಲು, ಕೂಲಿ 40 ಇದ್ದರೆ ಬೆಲೆ 55, ಜಿಎಸ್‌ಟಿ ಬೇರೆ. ಆದರೆ 80,000 ಪ್ಯಾಕೆಟ್ಟಷ್ಟೇ ಹೋದರೆ ಉಳಿಯುವುದು 4,81,600 ಮಾತ್ರ.