ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಸರಿ ಕಾಣುವ ಇಮೇಲ್ ಸಹಿ

ಇಮೇಲಿನ ಕೊನೆಯಲ್ಲಿ ತಾನಾಗಿಯೇ ಬಂದು ಕೂರುವ ಹೆಸರು, ಹುದ್ದೆ, ಫೋನ್ ನಂಬರು, ಸಂಸ್ಥೆಯ ಲೋಗೋ ಇಷ್ಟನ್ನೂ ಒಟ್ಟಾಗಿ ಸಿಗ್ನೇಚರ್ ಅಥವಾ ಸಹಿ ಎನ್ನುತ್ತೇವೆ. ಒಮ್ಮೆ ಸಿದ್ಧಮಾಡಿಟ್ಟರೆ ಆಮೇಲೆ ಅದರ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಆದರೆ ಅದು ಕೆಟ್ಟರೆ ಬರೆದವರಿಗೆ ಗೊತ್ತೇ ಆಗುವುದಿಲ್ಲ. ಅವರ ಪರದೆಯ ಮೇಲೆ ಲೋಗೋ ಚೆನ್ನಾಗಿಯೇ ಕಾಣುತ್ತದೆ, ಕನ್ನಡದ ಹೆಸರು ದುಂಡಗೆ ಇರುತ್ತದೆ. ಪತ್ರ ಪಡೆದವರಿಗೆ ಮಾತ್ರ ಲೋಗೋ ಇರಬೇಕಾದ ಕಡೆ ಖಾಲಿ ಚೌಕ, ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪಡೆದವರು ಸಂಕೋಚಕ್ಕೆ ಸುಮ್ಮನಿರುತ್ತಾರೆ. ಹೀಗೆ ವರ್ಷಗಟ್ಟಲೆ ನಡೆದುಬಿಡಬಹುದು.

ಒಂದು ಸಹಕಾರ ಸಂಘದ ಕಚೇರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಎಲ್ಲರೂ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುತ್ತಾರೆ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಒಂದು ಸಹಿ ತಯಾರಿಸಿ ಎಲ್ಲ ಕಂಪ್ಯೂಟರಿಗೂ ಹಾಕಿದ. ಮೇಲೆ ಸಂಘದ ಲೋಗೋ, ಕೆಳಗೆ ಕನ್ನಡದಲ್ಲಿ ಹೆಸರು ಮತ್ತು ‘ಕಾರ್ಯದರ್ಶಿ’ ಎಂಬ ಹುದ್ದೆ. ಕಾರ್ಯದರ್ಶಿಯವರು ಗುಮಾಸ್ತರಿಗೆ ಒಂದು ಮೇಲ್ ಕಳಿಸಿ ನೋಡಿದರು. ಗುಮಾಸ್ತರು ‘ಚಿತ್ರ ತೋರಿಸು’ ಎಂದು ಒಪ್ಪಿಗೆ ಕೊಟ್ಟ ಕೂಡಲೇ ಎಲ್ಲವೂ ಸರಿಯಾಗಿ ಕಂಡಿತು. ಲೆಕ್ಕಿಗರಿಗೂ ಕಂಡಿತು. ಹೊರಗಿನವರಿಗೆ ಮಾತ್ರ ಲೋಗೋನೂ ಇಲ್ಲ, ಕನ್ನಡವೂ ಇಲ್ಲ. ಎರಡು ತೊಂದರೆಗಳೂ ಬೇರೆ ಬೇರೆ ಎನಿಸಿದರೂ ಬೇರು ಒಂದೇ.

ಮೇಲ್ ಹೋಗುವಾಗ ನಾವು ನೋಡುತ್ತಿರುವ ಪರದೆಯ ಫೋಟೋ ಹೋಗುವುದಿಲ್ಲ. ಹೋಗುವುದು ಒಂದಷ್ಟು ಅಕ್ಷರಗಳು, ಜೊತೆಗೆ ಅವನ್ನು ಹೇಗೆ ತೋರಿಸಬೇಕೆಂಬ ಸೂಚನೆಗಳು. ‘ಈ ವಿಳಾಸದಲ್ಲಿ ಒಂದು ಚಿತ್ರವಿದೆ, ತಂದು ಇಲ್ಲಿ ತೋರಿಸು’, ‘ಈ ಸಾಲನ್ನು ಈ ಹೆಸರಿನ ಫಾಂಟಿನಲ್ಲಿ ತೋರಿಸು’ ಎಂಬಂಥವು. ಆ ಸೂಚನೆಯನ್ನು ಪಾಲಿಸಬೇಕಾದದ್ದು ಪಡೆದವರ ಕಂಪ್ಯೂಟರು ಅಥವಾ ಮೊಬೈಲು. ಚಿತ್ರ ಅದಕ್ಕೆ ಎಟುಕದಿದ್ದರೆ, ಫಾಂಟು ಅದರಲ್ಲಿ ಇಲ್ಲದಿದ್ದರೆ, ಅದಕ್ಕೆ ತೋಚಿದ್ದನ್ನು ಅದು ತೋರಿಸುತ್ತದೆ.

ಥಂಡರ್‌ಬರ್ಡಿನಲ್ಲಿ ಬಂದ ಮೇಲ್ ತೆರೆದು Ctrl+U ಒತ್ತಿದರೆ ಈ ಸೂಚನೆಗಳ ಮೂಲರೂಪ ಕಾಣುತ್ತದೆ. ಜಿಮೇಲ್‌ನಲ್ಲಾದರೆ ಮೂರು ಚುಕ್ಕಿ ಒತ್ತಿ Show original ಆರಿಸಬೇಕು. ನಮ್ಮ ಸಂಘದ ಮೇಲ್‌ನಲ್ಲಿ ಹುಡುಕಬೇಕಾದ ಎರಡು ಸಾಲು ಇವು:

```html
<img src="http://192.168.1.20/images/logo.png">
<span style="font-family:'Nudi 01 e'">PÁAiÀÄðzÀ²ð</span>
```

ಮೊದಲ ಸಾಲನ್ನು ನೋಡಿ. 192.168 ಎಂದು ಶುರುವಾಗುವ ವಿಳಾಸಗಳು ಕಚೇರಿಯ ಅಥವಾ ಮನೆಯ ಒಳಗಿನ ಜಾಲಕ್ಕೆಂದೇ ಮೀಸಲು. ಲೋಗೋ ಇರುವುದು ಸಂಘದ ಒಳಗಿನ ಸರ್ವರಿನಲ್ಲಿ. ಪರ ಊರಿನವರಿಗೆ ಕಾಗದ ಬರೆದು ‘ಪುಸ್ತಕ ನಮ್ಮ ಮನೆ ಅಟ್ಟದ ಮೇಲಿದೆ, ತೆಗೆದುಕೊಂಡು ಓದಿ’ ಎಂದಹಾಗೆ ಇದು. ಕಚೇರಿಯ ಒಳಗಿನವರ ಕಂಪ್ಯೂಟರುಗಳೆಲ್ಲ ಆ ಸರ್ವರಿಗೆ ಹೋಗಬಲ್ಲವು, ಆದ್ದರಿಂದ ಸಹೋದ್ಯೋಗಿಗಳಿಗೆ ಕಳಿಸಿ ನೋಡಿದ ಪರೀಕ್ಷೆಯೆಲ್ಲ ಪಾಸಾಯಿತು. src ಆದಮೇಲೆ file:///C:/Users/ ಎಂದು ಶುರುವಾಗುವ ವಿಳಾಸ ಉಳಿದಿದ್ದರೂ ಇದೇ ಕಥೆ. ಆಗ ಚಿತ್ರವಿರುವುದು ಬರೆದವರ ಕಂಪ್ಯೂಟರಿನೊಳಗೆ. ಲಾಗಿನ್ ಆದವರಿಗೆ ಮಾತ್ರ ತೆರೆಯುವ ಡ್ರೈವ್ ಫೋಲ್ಡರಿನಲ್ಲಿ ಲೋಗೋ ಇಟ್ಟರೂ ಹಾಗೆಯೇ ಆಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕಾರ್ಯದರ್ಶಿಯವರು ತಮ್ಮ ಸ್ವಂತ ಜಿಮೇಲ್‌ಗೆ ಒಂದು ಪ್ರತಿ ಕಳಿಸಿ, ಕಚೇರಿಯ ವೈಫೈನಲ್ಲೇ ಮೊಬೈಲಿನಲ್ಲಿ ತೆರೆದರೂ ಲೋಗೋ ಕಾಣುವುದಿಲ್ಲ. ಮೊಬೈಲು ಕಚೇರಿಯ ಜಾಲದೊಳಗೇ ಇದೆಯಲ್ಲ ಎಂಬ ಪ್ರಶ್ನೆ ಸಹಜ. 2013ರ ಡಿಸೆಂಬರಿನಿಂದ ಜಿಮೇಲ್ ಹೊರಗಿನ ಚಿತ್ರಗಳನ್ನು ಗೂಗಲ್‌ನ ಸರ್ವರುಗಳ ಮೂಲಕವೇ ತರಿಸಿ ತೋರಿಸುತ್ತದೆ. ಚಿತ್ರ ತರಲು ಹೋಗುವುದು ನಮ್ಮ ಮೊಬೈಲ್ ಅಲ್ಲ, ಎಲ್ಲೋ ಇರುವ ಗೂಗಲ್ ಸರ್ವರು. ಅದಕ್ಕೆ ಸಂಘದ ಒಳಜಾಲದ ಬಾಗಿಲು ತೆರೆಯದು. ಹಾಗಾಗಿ ಲೋಗೋ ಎಲ್ಲರಿಗೂ ಸಿಗುವ ಜಾಗದಲ್ಲಿದೆಯೇ ಎಂದು ತಿಳಿಯಲು ಜಿಮೇಲ್‌ಗೆ ಒಂದು ಪ್ರತಿ ಕಳಿಸಿ ನೋಡುವುದು ಸುಲಭದ ಪರೀಕ್ಷೆ. ಇನ್ನೊಂದು ದಾರಿಯೂ ಇದೆ. ಚಿತ್ರದ ವಿಳಾಸವನ್ನು ನಕಲು ಮಾಡಿ, ಮೊಬೈಲ್ ಡೇಟಾದಲ್ಲಿ, ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ತೆರೆಯದ ಚಿತ್ರ ಪಡೆದವರಿಗೂ ಕಾಣದು.

ಈಗ ಎರಡನೆಯ ಸಾಲು. ನುಡಿಯ ಹಳೆಯ ಫಾಂಟುಗಳ ಪರಿಚಯ ಇರುವವರಿಗೆ PÁAiÀÄðzÀ²ð ಎಂಬುದನ್ನು ನೋಡಿದ ಕೂಡಲೇ ವಿಷಯ ಹೊಳೆದಿರುತ್ತದೆ. ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದಾಗ ಕಂಪ್ಯೂಟರು ಉಳಿಸಿಕೊಳ್ಳುತ್ತಿದ್ದದ್ದು ಕನ್ನಡದ ಅಕ್ಷರಗಳನ್ನಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳನ್ನು. ಫಾಂಟು ಮಾತ್ರ ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿ ತೋರಿಸುತ್ತಿತ್ತು. P ಎಂಬಲ್ಲಿ ‘ಕ’ಕಾರದ ಒಡಲು, Á ಎಂಬಲ್ಲಿ ಅದರ ದೀರ್ಘ, ð ಎಂಬಲ್ಲಿ ಅರ್ಕಾವತ್ತು. ಎಲ್ಲ ಸೇರಿ ನಮ್ಮ ಕಣ್ಣಿಗೆ ‘ಕಾರ್ಯದರ್ಶಿ’. ಫಾಂಟು ಇಲ್ಲದ ಕಂಪ್ಯೂಟರಿಗೆ ಈ ಒಳಗುಟ್ಟು ತಿಳಿಯದು. ಅದು ಪ್ರಾಮಾಣಿಕವಾಗಿ P ಯನ್ನು P ಎಂದೇ ತೋರಿಸುತ್ತದೆ. ಮೊಬೈಲಿನಲ್ಲಂತೂ ನುಡಿ ಫಾಂಟು ಇರುವುದಿಲ್ಲ. ಸಂಘದ ಕಂಪ್ಯೂಟರುಗಳಲ್ಲೆಲ್ಲ ನುಡಿ ಇದ್ದದ್ದರಿಂದ ಒಳಗಿನ ಯಾರಿಗೂ ತೊಂದರೆ ಕಾಣಲಿಲ್ಲ.

ಇದಕ್ಕೆ ಮದ್ದು ಯೂನಿಕೋಡ್. ಅದರಲ್ಲಿ ಕನ್ನಡದ ‘ಕ’ಕ್ಕೆ ತನ್ನದೇ ಆದ ಸಂಖ್ಯೆ ಇದೆ, ಅದು ಯಾವ ಫಾಂಟಿನಲ್ಲಿ ತೋರಿಸಿದರೂ ‘ಕ’ವೇ. ವಿಂಡೋಸ್ 8ರಿಂದ ಈಚಿನ ಕಂಪ್ಯೂಟರುಗಳಲ್ಲಿ Nirmala UI, ಆಂಡ್ರಾಯ್ಡ್ ಮೊಬೈಲುಗಳಲ್ಲಿ ಹೆಚ್ಚಾಗಿ Noto Sans Kannada ಮೊದಲೇ ಇರುತ್ತವೆ. ಪಡೆದವರ ಯಂತ್ರ ತನ್ನಲ್ಲಿರುವ ಕನ್ನಡ ಫಾಂಟನ್ನು ಎತ್ತಿಕೊಳ್ಳುತ್ತದೆ, ಅಕ್ಷರದ ಸೊಬಗು ತುಸು ಬದಲಾಗಬಹುದು, ಓದಲು ಅಡ್ಡಿಯಿಲ್ಲ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ಕೆಲವೊಮ್ಮೆ ಕೈಕೊಡುತ್ತವೆ. ನಾಲ್ಕೇ ಸಾಲಿನ ಸಹಿಗೆ ಪರಿವರ್ತಕ ಹುಡುಕುವುದಕ್ಕಿಂತ ಯೂನಿಕೋಡ್ ಕೀಲಿಮಣೆ ಆರಿಸಿಕೊಂಡು ಹೊಸದಾಗಿ ಟೈಪು ಮಾಡುವುದೇ ಮೇಲು.

ಅಕ್ಷರ ಕೆಟ್ಟಿರುವ ಬಗೆಯನ್ನು ನೋಡಿಯೇ ಕಾರಣ ಹೇಳಬಹುದು. PÁ, zÀ ಇಂಥವು ಕಂಡರೆ ಹಳೆಯ ಫಾಂಟಿನ ಕೆಲಸ. ಸಾಲುಸಾಲಾಗಿ à² ಎಂಬುದು ಬರುತ್ತಿದ್ದು ‘ಕ’ ಇರಬೇಕಾದಲ್ಲೆಲ್ಲ à²• ಎಂದಿದ್ದರೆ, ಬರೆದದ್ದು ಯೂನಿಕೋಡಿನಲ್ಲೇ ಸರಿ, ಆದರೆ ಅದನ್ನು UTF-8 ಎಂದು ಓದಬೇಕೆಂಬ ಸೂಚನೆ ತಪ್ಪಿದೆ. ಸಹಿಯನ್ನು ಬೇರೆ ಕಡತದಲ್ಲಿಟ್ಟು ಅಲ್ಲಿಂದ ಜೋಡಿಸುವವರಿಗೆ ಹೀಗಾಗುವ ಸಂಭವ ಹೆಚ್ಚು. ಕಡತವನ್ನು UTF-8 ಆಗಿ ಉಳಿಸಿ, ಅದರ ತಲೆಯಲ್ಲಿ `<meta charset="utf-8">` ಸೇರಿಸಿದರೆ ಸರಿಹೋಗುತ್ತದೆ. ಬರೀ ಪ್ರಶ್ನೆಚಿಹ್ನೆಗಳು ಬಂದಿದ್ದರೆ ದಾರಿಯಲ್ಲೇ ಕನ್ನಡ ಅಳಿಸಿಹೋಗಿದೆ ಎಂದರ್ಥ, ಪಡೆದವರು ಏನು ಮಾಡಿದರೂ ಅದು ಮರಳಿ ಬಾರದು.

ಸಂಘದ ಸಹಿಯನ್ನು ಸರಿಪಡಿಸಲು ಲೋಗೋವನ್ನು ಸಂಘದ ಸಾರ್ವಜನಿಕ ವೆಬ್‌ಸೈಟಿಗೆ ಏರಿಸಬೇಕು. ಥಂಡರ್‌ಬರ್ಡಿನ Account Settings ನಲ್ಲಿ ಖಾತೆಯ ಹೆಸರನ್ನು ಒತ್ತಿದರೆ Signature text ಎಂಬ ಪೆಟ್ಟಿಗೆ ಸಿಗುತ್ತದೆ. Use HTML ಎಂಬುದಕ್ಕೆ ಗುರುತು ಹಾಕಿ ಹೀಗೆ ಬರೆಯಬೇಕು, ವಿಳಾಸದ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ:

```html
<p style="font-family:'Nirmala UI','Noto Sans Kannada',sans-serif">
ಹೆಸರು<br>ಕಾರ್ಯದರ್ಶಿ<br>ಫೋನ್</p>
<img src="https://www.example.org/logo.png"
 width="160" height="60" alt="ಸಂಘದ ಹೆಸರು">
```

width, height ಎರಡನ್ನೂ ಬರೆದದ್ದಕ್ಕೆ ಕಾರಣವಿದೆ. ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್ 2007ರಿಂದ ಮೇಲ್‌ಗಳನ್ನು ವರ್ಡ್ ತಂತ್ರಾಂಶದ ಯಂತ್ರದಿಂದಲೇ ತೋರಿಸುತ್ತದೆ. ಅಳತೆ ನೇರವಾಗಿ ಹೇಳದಿದ್ದರೆ ಲೋಗೋ ಪರದೆ ತುಂಬ ಹಿಗ್ಗಿ ಕೂರಬಹುದು. ಚಿತ್ರವೂ ಪಿಎನ್‌ಜಿ ಅಥವಾ ಜೆಪೆಗ್ ಆಗಿರಲಿ. ಎಸ್‌ವಿಜಿಯನ್ನು ಜಿಮೇಲ್ ತೋರಿಸುವುದಿಲ್ಲ.

ಇಷ್ಟಾದರೂ ಲೋಗೋ ಎಲ್ಲರಿಗೂ ಒಮ್ಮೆಗೇ ಕಾಣುತ್ತದೆಂಬ ಭರವಸೆಯಿಲ್ಲ. ಹೊರಗಿನಿಂದ ಚಿತ್ರ ತರಿಸಿದರೆ, ಪತ್ರ ಯಾವಾಗ ತೆರೆದರೆಂದು ಕಳಿಸಿದವರಿಗೆ ತಿಳಿಯುವ ಸಾಧ್ಯತೆ ಇರುತ್ತದೆ. ಆದ್ದರಿಂದ ಥಂಡರ್‌ಬರ್ಡ್, ಔಟ್‌ಲುಕ್ ಎರಡೂ ಸಾಮಾನ್ಯವಾಗಿ ಹೊರಗಿನ ಚಿತ್ರಗಳನ್ನು ತಡೆದು, ಓದುಗರ ಒಪ್ಪಿಗೆ ಕೇಳುತ್ತವೆ. ಇದು ದೋಷವಲ್ಲ, ಓದುವವರ ರಕ್ಷಣೆ. ತಡೆಯೇ ಬೇಡವೆಂದರೆ ಚಿತ್ರವನ್ನು ಮೇಲ್‌ನೊಳಗೇ ಸೇರಿಸಿ ಕಳಿಸಬಹುದು. ಆಗ ಮೂಲದಲ್ಲಿ src ಮುಂದೆ cid: ಎಂದಿರುತ್ತದೆ. ಅದಕ್ಕೂ ಬೆಲೆಯಿದೆ. ಚಿತ್ರ ಅಕ್ಷರರೂಪಕ್ಕೆ ಬದಲಾಗಿ ಹೋಗುವುದರಿಂದ ಗಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ, ಕೆಲವು ತಂತ್ರಾಂಶಗಳು ಅದನ್ನು ಲಗತ್ತು ಎಂದು ತೋರಿಸುತ್ತವೆ. ಉತ್ತರಕ್ಕೆ ಉತ್ತರ ಬೆಳೆದಂತೆ image001.png, image002.png ಎಂಬ ಕಡತಗಳು ಗುಡ್ಡೆಬಿದ್ದು, ನಿಜವಾದ ಲಗತ್ತು ಯಾವುದೆಂದು ಹುಡುಕಬೇಕಾಗುತ್ತದೆ. ದಿನವೂ ಹತ್ತಾರು ಪತ್ರ ಓಡಾಡುವ ಕಚೇರಿಗೆ ವೆಬ್‌ಸೈಟಿನ ವಿಳಾಸವೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಎಚ್ಚರ ಬೇಕು: ವೆಬ್‌ಸೈಟಿನಲ್ಲಿ ಆ ಕಡತದ ಜಾಗವನ್ನೋ ಹೆಸರನ್ನೋ ಬದಲಿಸಿದ ದಿನ ಹಳೆಯ ಪತ್ರಗಳ ಲೋಗೋಗಳೂ ಮಾಯವಾಗಬಹುದು.

ಹೆಸರು, ಫೋನು, ವಿಳಾಸ ಎಲ್ಲವನ್ನೂ ಒಂದೇ ಚಿತ್ರವಾಗಿ ಮಾಡಿಸಿ ಸಹಿಯಾಗಿ ಅಂಟಿಸುವ ರೂಢಿ ಈಗ ಬಹಳ ಕಡೆ ಇದೆ. ಫಾಂಟಿನ ಗೊಡವೆ ಇಲ್ಲ ಎಂಬುದು ಅದರ ಪರವಾದ ವಾದ. ನಾನು ಇದನ್ನು ಒಪ್ಪುವುದಿಲ್ಲ. ಚಿತ್ರ ತಡೆಯಾದರೆ ಪತ್ರ ಬರೆದವರು ಯಾರೆಂಬುದೇ ತಿಳಿಯದು, ಕಂಡರೂ ಫೋನ್ ನಂಬರನ್ನು ಒತ್ತಿ ಕರೆಮಾಡಲಾಗದು, ಕಣ್ಣು ಕಾಣದವರ ಕಂಪ್ಯೂಟರು ಅದನ್ನು ಓದಿ ಹೇಳಲಾರದು. ಮುಖ್ಯವಾದದ್ದೆಲ್ಲ ಅಕ್ಷರದಲ್ಲೇ ಇರಲಿ, ಲೋಗೋ ಕಾಣದಿದ್ದರೂ ಸಹಿ ತನ್ನ ಕೆಲಸ ಮಾಡುವಂತಿರಲಿ.

ಹೊಸ ಸಹಿ ಹಾಕಿಕೊಂಡ ದಿನ ನಿಮ್ಮ ಕಚೇರಿಗೆ ಸಂಬಂಧವೇ ಇಲ್ಲದ ಒಬ್ಬರಿಗೆ ಒಂದು ಮೇಲ್ ಕಳಿಸಿ, ಹೇಗೆ ಕಾಣುತ್ತಿದೆಯೆಂದು ಸ್ಕ್ರೀನ್‌ಶಾಟ್ ಕೇಳಿ. ಹಾಗೆಯೇ ಬೇರೆಯವರ ಸಹಿ ನಿಮ್ಮ ಪರದೆಯಲ್ಲಿ ಕೆಟ್ಟು ಕಂಡರೆ ಸುಮ್ಮನಿರಬೇಡಿ, ಉತ್ತರ ಬರೆಯುವಾಗ ಒಂದು ಸ್ಕ್ರೀನ್‌ಶಾಟ್ ಸೇರಿಸಿ ತಿಳಿಸಿ. ನೀವು ಹೇಳದೆ ಅವರಿಗೆ ಗೊತ್ತಾಗುವ ದಾರಿಯಿಲ್ಲ.