ಬೇಸಿಕ್ ಎಷ್ಟು?

ಕಳೆದ ತಿಂಗಳು ಅಕ್ಕನ ಮಗಳು ಎರಡು ಆಫರ್ ಲೆಟರ್ ಹಿಡಿದುಕೊಂಡು ಮನೆಗೆ ಬಂದಳು. ಎರಡರಲ್ಲೂ ವರ್ಷಕ್ಕೆ ಆರು ಲಕ್ಷ ಸಿಟಿಸಿ, ಅಂದರೆ ತಿಂಗಳಿಗೆ 50 ಸಾವಿರ. "ಮಾಮ, ಎರಡೂ ಒಂದೇ. ಆದರೆ ಇದರಲ್ಲಿ ಕೈಗೆ ಜಾಸ್ತಿ ಬರುತ್ತೆ, ಇದಕ್ಕೇ ಸೇರ್ತೀನಿ" ಅಂದಳು. ಎರಡೂ ಒಂದೇ ಆಗಿದ್ದರೆ ಒಂದರಲ್ಲಿ ಜಾಸ್ತಿ ಹೇಗೆ ಬರುತ್ತದೆ? ಅದನ್ನು ನೋಡೋಣ ಎಂದು ಇಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು.

ಸರ್ಕಾರಿ ನೌಕರಿಯಲ್ಲಿ ಮೊದಲು ನಿಗದಿಯಾಗುವುದೇ ಮೂಲ ವೇತನ. ಏಳನೇ ವೇತನ ಆಯೋಗದ ಶಿಫಾರಸಿನಂತೆ ಕರ್ನಾಟಕ ಸರ್ಕಾರ 2024ರ ಆಗಸ್ಟ್‌ನಿಂದ ಕನಿಷ್ಠ ಮೂಲ ವೇತನವನ್ನು 27,000 ರೂಪಾಯಿ ಮಾಡಿತು. ತುಟ್ಟಿ ಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲ ಆಮೇಲೆ ಅದರ ಮೇಲೆ ಕೂಡುತ್ತಾ ಹೋಗುತ್ತವೆ. ಖಾಸಗಿ ಕಂಪನಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಮೊದಲು ಒಟ್ಟು ಮೊತ್ತ ಒಪ್ಪಂದವಾಗುತ್ತದೆ. ಅದರಲ್ಲಿ ಶೇಕಡಾ 30ರಿಂದ 50ರಷ್ಟನ್ನು ಬೇಸಿಕ್ ಎಂದು ಕರೆಯುತ್ತಾರೆ. ಬೇಸಿಕ್‌ನ 40 ಅಥವಾ 50 ಭಾಗ ಮನೆ ಬಾಡಿಗೆ ಭತ್ಯೆ. ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರ್ಯಾಚುಟಿಗೆ ಎತ್ತಿಡುವ ಹಣವನ್ನೂ ಅದೇ 50 ಸಾವಿರದೊಳಗೆ ಸೇರಿಸುತ್ತಾರೆ. ಇಷ್ಟೆಲ್ಲ ಕಳೆದು ಉಳಿದದ್ದಕ್ಕೆ 'ವಿಶೇಷ ಭತ್ಯೆ' ಎಂದು ಹೆಸರು. ಅದರಲ್ಲಿ ವಿಶೇಷವೇನೂ ಇಲ್ಲ, ಲೆಕ್ಕ ಸರಿದೂಗಿಸಲು ಹಾಕುವ ಅಂಕಿ ಅದು.

ಅವಳ ಮೊದಲ ಪತ್ರದಲ್ಲಿ ಬೇಸಿಕ್ 15,000. ಮನೆ ಬಾಡಿಗೆ ಭತ್ಯೆ 6,000, ಕಂಪನಿಯ ಪಿಎಫ್ 1,800, ಗ್ರ್ಯಾಚುಟಿ 722. ಉಳಿದ 26,478 ವಿಶೇಷ ಭತ್ಯೆ. ಅವಳ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಸಿಗುವುದು 45,478. ಎರಡನೇ ಪತ್ರದಲ್ಲಿ ಬೇಸಿಕ್ 25,000. ಅದರ ಜೊತೆಗೆ ಮನೆ ಬಾಡಿಗೆ ಭತ್ಯೆ 10,000ಕ್ಕೆ, ಪಿಎಫ್ 3,000ಕ್ಕೆ, ಗ್ರ್ಯಾಚುಟಿ 1,202ಕ್ಕೆ ಏರಿದ್ದವು. ವಿಶೇಷ ಭತ್ಯೆ 10,798ಕ್ಕೆ ಇಳಿದಿತ್ತು. ಕೈಗೆ 42,598. ಅವಳ ಕಣ್ಣಿಗೆ ಬಿದ್ದದ್ದು ಈ 2,880 ರೂಪಾಯಿಯ ವ್ಯತ್ಯಾಸ.

ಈ ಹಣ ಎಲ್ಲಿಗೆ ಹೋಯಿತು? ಪಿಎಫ್‌ಗೆ ನೌಕರರು ಬೇಸಿಕ್ ಮತ್ತು ತುಟ್ಟಿ ಭತ್ಯೆಯ ಮೇಲೆ ಶೇಕಡಾ 12 ಕಟ್ಟುತ್ತಾರೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಖಾಸಗಿ ಕಂಪನಿಗಳಲ್ಲಿ ಸಾಮಾನ್ಯವಾಗಿ ತುಟ್ಟಿ ಭತ್ಯೆ ಬೇರೆಯಾಗಿ ಇರುವುದಿಲ್ಲ, ಹಾಗಾಗಿ ಬೇಸಿಕ್ಕೇ ಆಧಾರ. ಅವಳು ಹಿಂದಿನ ಕೆಲಸದಲ್ಲೇ ಪಿಂಚಣಿ ಯೋಜನೆಯ ಸದಸ್ಯೆಯಾಗಿದ್ದರಿಂದ ಕಂಪನಿಯ ಪಾಲಿನಲ್ಲಿ 1,250 ಆ ಯೋಜನೆಗೆ ಹೋಗುತ್ತದೆ. ಉಳಿದದ್ದು ಅವಳ ಖಾತೆಗೆ. ಮೊದಲ ಪತ್ರದಂತೆ ತಿಂಗಳಿಗೆ 2,350 ಜಮೆಯಾದರೆ ಎರಡನೆಯದರಂತೆ 4,750. ತಿಂಗಳಿಗೆ 2,400 ಹೆಚ್ಚು. ಬೇಸಿಕ್ ಒಂದು ಪೈಸೆ ಏರದಿದ್ದರೂ ಎಂಟು ವರ್ಷಕ್ಕೆ ಇದೇ 2,30,400 ರೂಪಾಯಿ, ಬಡ್ಡಿ ಬೇರೆ. 2024-25ಕ್ಕೆ ಆ ಬಡ್ಡಿ ಶೇಕಡಾ 8.25 ಇತ್ತು.

ಗ್ರ್ಯಾಚುಟಿಯ ಲೆಕ್ಕ ಇನ್ನೂ ನೇರ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕು. 26 ಎಂದರೆ ಭಾನುವಾರ ಬಿಟ್ಟು ತಿಂಗಳ ಕೆಲಸದ ದಿನಗಳು, 15 ಎಂದರೆ ವರ್ಷಕ್ಕೆ ಹದಿನೈದು ದಿನದ ಸಂಬಳ. ಎಂಟು ವರ್ಷದಲ್ಲಿ ಮೊದಲ ಪತ್ರದ ಬೇಸಿಕ್ 24,000 ಆಯಿತು, ಎರಡನೆಯದು ಅದೇ ಪ್ರಮಾಣದಲ್ಲಿ ಏರಿ 40,000 ಆಯಿತು ಅಂದುಕೊಳ್ಳಿ. ಬೇಸಿಕ್ ಮೇಲೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ 1,10,769, ಎರಡನೆಯದರಲ್ಲಿ 1,84,615. ಇಲ್ಲಿ ಗಮನಿಸಬೇಕಾದದ್ದು 'ಕೊನೆಯ' ಎಂಬ ಮಾತು. ಪಿಎಫ್‌ನಲ್ಲಿ ಆಯಾ ತಿಂಗಳ ಬೇಸಿಕ್‌ಗೆ ಆಯಾ ತಿಂಗಳ ಜಮೆ. ಗ್ರ್ಯಾಚುಟಿಯಲ್ಲಿ ಕೊನೆಯ ತಿಂಗಳ ವೇತನವೇ ಹಿಂದಿನ ಎಲ್ಲ ವರ್ಷಗಳಿಗೂ ಅನ್ವಯಿಸುತ್ತದೆ. ಆದರೆ ಕಾಯಂ ನೌಕರರು ಐದು ವರ್ಷ ತುಂಬುವ ಮೊದಲು ಬಿಟ್ಟರೆ, ಸಿಟಿಸಿಯಲ್ಲಿ ಪ್ರತಿ ತಿಂಗಳೂ ಲೆಕ್ಕಕ್ಕೆ ಹಿಡಿದಿದ್ದ ಆ ಮೊತ್ತ ಕೈಗೆ ಬರುವುದೇ ಇಲ್ಲ.

ಬೇಸಿಕ್ ತಗ್ಗಿಸಿದರೆ ಕಂಪನಿಗೆ ಈ ಎರಡೂ ಹೊರೆ ಹಗುರವಾಗುತ್ತವೆ. ಹೀಗೆ ಸಂಬಳವನ್ನು ಭತ್ಯೆಗಳಾಗಿ ಒಡೆಯುವುದರ ಬಗ್ಗೆ ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ ಎಂಬ ಶಾಲೆಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಎಲ್ಲ ನೌಕರರಿಗೂ ಸಮಾನವಾಗಿ, ತಪ್ಪದೆ ಕೊಡುವ ಭತ್ಯೆ ಹೆಸರಿಗಷ್ಟೇ ಭತ್ಯೆ, ಅದು ಮೂಲ ವೇತನದ ಭಾಗವೇ ಎಂದು ನ್ಯಾಯಾಲಯ 2019ರ ಫೆಬ್ರವರಿ 28ರಂದು ಹೇಳಿತು. ಹೆಚ್ಚು ದುಡಿದವರಿಗೆ ಮಾತ್ರ ಕೊಡುವ ಪ್ರೋತ್ಸಾಹಧನ ಇದರಲ್ಲಿ ಬರುವುದಿಲ್ಲ. ಈ ತೀರ್ಪು ನಿಜವಾಗಿ ಮುಟ್ಟುವುದು ಸಣ್ಣ ಸಂಬಳದವರನ್ನು. ತಿಂಗಳಿಗೆ 14,000 ಪಡೆಯುವವರ ಬೇಸಿಕ್ ಅನ್ನು 8,000 ಎಂದು ಬರೆದರೆ ಪಿಎಫ್ 960. ಉಳಿದ 6,000 ಎಲ್ಲರಿಗೂ ಕೊಡುವ ಭತ್ಯೆಯಾಗಿದ್ದರೆ ಅದು 1,680 ಆಗಬೇಕು. ನನ್ನ ಪ್ರಕಾರ ಆ 720 ರೂಪಾಯಿಯನ್ನು ಉಳಿಸಿಕೊಳ್ಳುವುದು ಜಾಣ ಲೆಕ್ಕವಲ್ಲ, ಅನ್ಯಾಯ.

ಅಕ್ಕನ ಮಗಳಂಥವರಿಗೆ ಈ ತೀರ್ಪಿನಿಂದ ಲಾಭವಿಲ್ಲ. 2014ರ ಸೆಪ್ಟೆಂಬರ್‌ನಿಂದ ಪಿಎಫ್ ಕಡ್ಡಾಯವಾಗಿರುವುದು 15,000 ರೂಪಾಯಿ ವೇತನದವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿನ ವೇತನದ ಮೇಲೆ ಕಟ್ಟುವುದು ಕಂಪನಿಯ ಇಷ್ಟ. ಅವಳ ಮೊದಲ ಪತ್ರದ ಬೇಸಿಕ್ ಸರಿಯಾಗಿ 15,000ಕ್ಕೆ ನಿಂತದ್ದು ಆಕಸ್ಮಿಕವಲ್ಲ.

ಗ್ರ್ಯಾಚುಟಿಯಲ್ಲಿ ಮಾತ್ರ ಲೆಕ್ಕ ಈಗ ಬದಲಾಗಿದೆ. 1972ರ ಗ್ರ್ಯಾಚುಟಿ ಕಾಯ್ದೆ ವೇತನದಿಂದ ಮನೆ ಬಾಡಿಗೆ ಭತ್ಯೆಯನ್ನಷ್ಟೇ ಅಲ್ಲ, ಬೇರೆ ಯಾವ ಭತ್ಯೆಯನ್ನೂ ಹೊರಗಿಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹೊರಗಿಡಬಹುದಾದವನ್ನು ಹೆಸರಿಸಿ ಪಟ್ಟಿ ಮಾಡಿವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಕಂಪನಿಯ ಪಿಎಫ್, ಓವರ್‌ಟೈಮ್, ಕಮಿಷನ್ ಮುಂತಾದವು ಅದರಲ್ಲಿವೆ. ಅವೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ಮತ್ತೆ ವೇತನಕ್ಕೆ ಕೂಡಿಸಬೇಕು. ಇದನ್ನೇ ಜನ 'ಬೇಸಿಕ್ ಅರ್ಧ ಇರಲೇಬೇಕು' ಎಂದು ಹೇಳುತ್ತಿದ್ದಾರೆ. ಕಾನೂನು ಹೇಳುವುದು ಬೇಸಿಕ್ ಬಗ್ಗೆ ಅಲ್ಲ, ವೇತನದ ಬಗ್ಗೆ. ಆ ಪಟ್ಟಿಯಲ್ಲಿ ವಿಶೇಷ ಭತ್ಯೆ ಇಲ್ಲ. ಹಾಗಾಗಿ ಮೊದಲ ಪತ್ರದ 15,000 ಬೇಸಿಕ್ ಜೊತೆಗೆ 26,478 ವಿಶೇಷ ಭತ್ಯೆಯೂ ವೇತನವೆಂದೇ ಗ್ರ್ಯಾಚುಟಿಗೆ ಲೆಕ್ಕವಾಗಬೇಕು. ಪತ್ರದಲ್ಲಿದ್ದ 722 ರೂಪಾಯಿ ಹಳೆಯ ಲೆಕ್ಕ. ಪಿಎಫ್‌ಗೆ 15,000ದ ಮಿತಿ ಇರುವುದರಿಂದ ಮಿತಿಗೇ ಕಟ್ಟುವ ಕಂಪನಿಯಲ್ಲಿ ಅದು ಏರಬೇಕಿಲ್ಲ.

ನಿಮ್ಮ ಸಂಬಳದ ಚೀಟಿಯಲ್ಲೂ ಇದನ್ನು ನೋಡಬಹುದು. ಪಿಎಫ್ ಕಡಿತದ ಮೊತ್ತವನ್ನು 12ರಿಂದ ಭಾಗಿಸಿ ನೂರರಿಂದ ಗುಣಿಸಿ. ಬಂದ ಅಂಕಿ ಬೇಸಿಕ್‌ಗೆ ಸಮನಾಗಿದ್ದರೆ ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತಿದ್ದಾರೆ. ಬೇಸಿಕ್ ಹೆಚ್ಚಿದ್ದೂ ಕಡಿತ 1,800ರಲ್ಲೇ ನಿಂತಿದ್ದರೆ ಮಿತಿಗೆ ಕಟ್ಟುತ್ತಿದ್ದಾರೆ. ಸಂಬಳ 15,000ಕ್ಕಿಂತ ಕಡಿಮೆಯಿದ್ದು, ಎಲ್ಲರಿಗೂ ಸಿಗುವ ಭತ್ಯೆಯನ್ನು ಬಿಟ್ಟು ಕಡಿತ ಮಾಡಿದ್ದರೆ, ಕೇಳುವ ಹಕ್ಕು ನಿಮಗಿದೆ. ಹೊಸ ಕೆಲಸಕ್ಕೆ ಸೇರುವವರು ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ: ಪಿಎಫ್ ಯಾವ ಮೊತ್ತದ ಮೇಲೆ ಕಟ್ಟುತ್ತೀರಿ, ಗ್ರ್ಯಾಚುಟಿ ಯಾವ ಮೊತ್ತದ ಮೇಲೆ ಕೊಡುತ್ತೀರಿ?